'ಗಾಳಿ' ಹತ್ತನೇ ಮನೆಯಲ್ಲಿ ಯಾಕೆ ಬಿತ್ತು?

ಪ್ರಶ್ನೆ: ಸರ್, ನಾನು ಕಾರವಾರದವನು, ಡಿಗ್ರಿ ಎರಡನೇ ವರ್ಷ. ಕನ್ನಡದಲ್ಲಿ ರ‍್ಯಾಪ್ ಬರೀತೀನಿ. ಹಾಳೆ ಮೇಲೆ ಪ್ರಾಸ ಸರಿಯಾಗೇ ಇರುತ್ತೆ, ಬೀಟ್ ಹಾಕಿ ಹೇಳಿದ್ರೆ ಸಪ್ಪೆ. ಫ್ರೆಂಡ್ಸು 'ಫ್ಲೋ ಇಲ್ಲ ಮಾರಾಯ' ಅಂತಾರೆ. ಈ ಫ್ಲೋ ಅನ್ನೋದನ್ನ ಬರೆದು ನೋಡೋಕೆ ಆಗುತ್ತಾ? ಓದಿದವರು ಹೇಗೆ ಬರೀತಾರೆ? ಎರಡು ಸಾಲು ಕಳಿಸಿದ್ದೀನಿ, ರೆಕಾರ್ಡಿಂಗೂ ಇದೆ. ಬೀಟ್ 90.

ಕಾಳಿ ನದಿ ಸೇತುವೆ ಮೇಲೆ ಗಾಳಿ ಬೀಸುತ್ತೆ
ಖಾಲಿ ಜೇಬು ಇದ್ರೂ ನನ್ನ ಹಾಡು ಕೇಳಿಸುತ್ತೆ

ಉತ್ತರ: ಆಗುತ್ತೆ. ಒಂದು ಹಾಳೆ, ಪೆನ್ಸಿಲ್ಲು, ಎರಡು ಬಣ್ಣದ ಪೆನ್ನು ಸಾಕು. ನಿಮ್ಮ ಎರಡು ಸಾಲನ್ನೇ ಬರೆದು ತೋರಿಸ್ತೇನೆ. ನಾನು ಶಿರಸಿಯಲ್ಲಿ ಮಕ್ಕಳಿಗೆ ಮೃದಂಗ ಹೇಳಿಕೊಡುವವನು. ರ‍್ಯಾಪ್ ಹೇಳೋದು ನನ್ನ ಕೈಲಾಗುವ ಕೆಲಸ ಅಲ್ಲ. ಆದರೆ ಯಾವ ಅಕ್ಷರ ಯಾವ ಪೆಟ್ಟಿಗೆ ಬಿತ್ತು ಅನ್ನೋದನ್ನು ಹಿಡಿಯುವುದು ದಿನದ ಕೆಲಸ.

ಹಾಳೆಯಲ್ಲಿ ಅಡ್ಡಕ್ಕೆ ಹದಿನಾರು ಮನೆ ಎಳೆಯಿರಿ. ಇದು ಒಂದು ಬಾರ್. ನಾಲ್ಕು ಮನೆಗೊಂದು ದಪ್ಪ ಗೆರೆ ಹಾಕಿ, ಹೀಗೆ ನಾಲ್ಕು ಬೀಟು. ಬೀಟು ಬೀಳೋದು 1, 5, 9, 13ನೇ ಮನೆಗಳಲ್ಲಿ. ನೀವು ಕಳಿಸಿದ ಬೀಟಿನಲ್ಲಿ 1ಕ್ಕೆ ಕಿಕ್ 'ಧುಂ' ಅನ್ನುತ್ತೆ, 5 ಮತ್ತು 13ಕ್ಕೆ ಸ್ನೇರ್ 'ಟಪ್' ಅನ್ನುತ್ತೆ. ವೇಗ 90 ಅಂದರೆ ನಿಮಿಷಕ್ಕೆ 90 ಬೀಟು. ಒಂದು ಬೀಟಿಗೆ 667 ಮಿಲಿಸೆಕೆಂಡು, ಒಂದು ಮನೆಗೆ ಸುಮಾರು 167. ಈ ಕೊನೇ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಈ ಮನೆ ಎಳೆಯುವ ಪದ್ಧತಿ ನನ್ನದಲ್ಲ. ಸಂಗೀತ ಶಾಸ್ತ್ರ ಓದಿದವರು ರ‍್ಯಾಪನ್ನು ಬರೆಯಲು ಶುರು ಮಾಡಿದಾಗ ಪಾಶ್ಚಾತ್ಯ ಸ್ವರಲಿಪಿ ಅಷ್ಟು ಕೆಲಸಕ್ಕೆ ಬರಲಿಲ್ಲ. ಆ ಲಿಪಿ ಮೊದಲು ಹೇಳೋದು ಸ್ವರ ಎಷ್ಟು ಮೇಲೆ, ಎಷ್ಟು ಕೆಳಗೆ ಅಂತ. ರ‍್ಯಾಪಿನಲ್ಲಿ ಕೇಳುವವರಿಗೆ ಮುಖ್ಯವಾಗಿ ಬೇಕಾದ್ದು ಯಾವ ಅಕ್ಷರ ಯಾವಾಗ ಬಿತ್ತು ಅನ್ನೋದು. ಕೈಲ್ ಆಡಮ್ಸ್ ಎಂಬ ಅಮೆರಿಕದ ವಿದ್ವಾಂಸರು 2009ರ ಒಂದು ಲೇಖನದಲ್ಲಿ ಈ ಹದಿನಾರು ಮನೆ ಬಳಸಿ ಫ್ಲೋವನ್ನು ಬಿಡಿಸಿ ತೋರಿಸಿದರು. ಅವರು ಕೇಳುವ ಪ್ರಶ್ನೆ ನಾಲ್ಕು. ಪ್ರಾಸದ ಅಕ್ಷರ ಎಲ್ಲಿ ಬಿತ್ತು? ಒತ್ತಿ ಹೇಳಿದ ಅಕ್ಷರ ಎಲ್ಲಿ ಬಿತ್ತು? ವಾಕ್ಯ ಮುಗಿಯೋದೂ ಬಾರ್ ಮುಗಿಯೋದೂ ಒಟ್ಟಿಗೇನಾ? ಒಂದು ಬೀಟಿಗೆ ಎಷ್ಟು ಅಕ್ಷರ? ನಿಮ್ಮ ಫ್ರೆಂಡ್ಸು 'ಫ್ಲೋ ಇಲ್ಲ' ಅಂದಾಗ ಈ ನಾಲ್ಕರಲ್ಲಿ ಯಾವುದೋ ಒಂದು ಅವರ ಕಿವಿಗೆ ಚುಚ್ಚಿರುತ್ತೆ. ಯಾವುದು ಅಂತ ಅವರಿಗೆ ಹೇಳೋಕೆ ಬರೋಲ್ಲ, ಅಷ್ಟೇ.

ನಿಮ್ಮ ಸಾಲನ್ನು ಮನೆಗೆ ತುಂಬೋಣ. ಅಕ್ಷರ ಅಂದರೆ ಇಲ್ಲಿ ಬಾಯಿಗೆ ಬರುವ ತುಂಡು. 'ನನ್ನ' ಅಂದರೆ ನನ್, ನ. 'ಬೀಸುತ್ತೆ' ಅಂದರೆ ಬೀ, ಸುತ್, ತೆ. ಖಾಲಿ ಮನೆಗೆ ಚುಕ್ಕಿ.

ಕಾ ಳಿ ನ ದಿ | ಸೇ ತು ವೆ ಮೇ | ಲೆ ಗಾ ಳಿ ಬೀ | ಸುತ್ ತೆ · ·
ಖಾ ಲಿ ಜೇ ಬು | ಇದ್ ರೂ ನನ್ ನ | ಹಾ ಡು ಕೇ ಳಿ | ಸುತ್ ತೆ · ·

ಎರಡೂ ಸಾಲು ಹದಿನಾಲ್ಕು ಅಕ್ಷರ. ನೀವು ಹೇಳಿದ್ದು ಹೇಗೆ ಗೊತ್ತಾ? ಅಳಗುಳಿ ಮಣೆಯಲ್ಲಿ ಗುಳಿಗೊಂದು ಹರಳು ಹಾಕುತ್ತಾ ಹೋಗುತ್ತಾರಲ್ಲ, ಹಾಗೆ. ಒಂದು ಮನೆ, ಒಂದು ಅಕ್ಷರ. ಕಡೆಗೆ ಉಳಿದ ಎರಡು ಮನೆಯಲ್ಲಿ ಉಸಿರು.

ಈಗ ಬಣ್ಣದ ಪೆನ್ನು ತಗೊಳ್ಳಿ. ಕಾಳಿ, ಗಾಳಿ, ಖಾಲಿ ಈ ಮೂರಕ್ಕೆ ಕೆಂಪು. ಬೀಸುತ್ತೆ, ಕೇಳಿಸುತ್ತೆ ಇವುಗಳ ಕೊನೆಗೆ ನೀಲಿ. ಕೆಂಪು ಒಳ್ಳೆ ಪ್ರಾಸ. ಮೊದಲ ಅಕ್ಷರದ 'ಆ' ಒಂದೇ, ಎರಡನೆಯದೂ ಹತ್ತಿರ ಹತ್ತಿರ ಒಂದೇ. ಳ ಮತ್ತು ಲ ಬೇರೆ ಅಂತ ಯಾರಾದರೂ ಪಂಡಿತರು ಎದ್ದು ನಿಲ್ಲಬಹುದು, ಬೀಟಿನ ಮೇಲೆ ಕಿವಿ ಅಷ್ಟನ್ನು ಬಿಟ್ಟುಕೊಡುತ್ತೆ. ನೀಲಿ ಮಾತ್ರ ಬರೀ 'ಸುತ್ತೆ'. ಕನ್ನಡದಲ್ಲಿ ವಾಕ್ಯದ ಕೊನೆಗೆ ಕ್ರಿಯಾಪದ ತಾನೇ ಬರೋದು. ಹಾಗಾಗಿ ಈ ಥರದ ಯಾವ ಎರಡು ವಾಕ್ಯ ತಂದರೂ ತುದಿಯಲ್ಲಿ 'ತ್ತೆ', 'ತ್ತೆ' ಸಿಗುತ್ತೆ. ಅದು ವ್ಯಾಕರಣ ಪುಕ್ಕಟೆ ಕೊಟ್ಟ ಪ್ರಾಸ. ಕೇಳುವವರಿಗೂ ಅದು ಗೊತ್ತು, ಅದಕ್ಕೇ ಕಿವಿ ನಿಮಿರೋಲ್ಲ.

ಎಲ್ಲಿ ಏನು ಬಿತ್ತು ನೋಡಿ. ಸ್ನೇರಿನ 13ನೇ ಮನೆ ಬಾರಿನಲ್ಲೇ ಕಿವಿ ಕಾಯುವ ಜಾಗ. ಎರಡೂ ಸಾಲಿನಲ್ಲಿ ಅಲ್ಲಿ ಕೂತಿರೋದು ಪುಕ್ಕಟೆ 'ಸುತ್ತೆ'. ಒಳ್ಳೆ ಪ್ರಾಸದ 'ಗಾಳಿ' 10ನೇ ಮನೆಗೆ ಬಿದ್ದಿದೆ. ಮೂರನೇ ಬೀಟ್ ಬಿದ್ದು ಮುಗಿದ ಕೂಡಲೇ ಬರುವ ಮನೆ ಅದು. ಅಲ್ಲಿ ಕಿಕ್ಕೂ ಇಲ್ಲ, ಸ್ನೇರೂ ಇಲ್ಲ. ಆ ಮೂರನೇ ಬೀಟಿನ ಮೇಲೆ ಯಾರು ಕೂತಿದ್ದಾರೆ? 'ಮೇಲೆ' ಅನ್ನೋದರ ಬಾಲ, 'ಲೆ'. ಮೇ ಒಂದು ಕಡೆ, ಲೆ ಬೀಟಿನ ಮೇಲೆ. ನಿಮ್ಮ ರೆಕಾರ್ಡಿಂಗಿನಲ್ಲಿ ಅದು 'ಸೇತುವೆಮೇ, ಲೆಗಾಳಿ' ಅಂತ ಕೇಳುತ್ತೆ. ನಾನು ಎರಡು ಸಲ ಹಿಂದೆ ಹೋಗಿ ಕೇಳಬೇಕಾಯಿತು, ಲೇ ಗಾಳಿ ಅಂತ ಯಾರನ್ನು ಕರೀತಿದ್ದೀರಿ ಅಂತ.

ಹಾಳೆ ಮೇಲೆ ಪ್ರಾಸ ಸರಿ ಇತ್ತು ಅಂದಿರಲ್ಲ, ಅದು ಸುಳ್ಳಲ್ಲ. ಕಾಳಿ, ಖಾಲಿ ಎರಡೂ ಸಾಲಿನ ತಲೆಯಲ್ಲಿವೆ. ನಮ್ಮ ಹಳೇ ಪದ್ಯಗಳ ಆದಿಪ್ರಾಸವೂ ಸಾಲಿನ ಎರಡನೇ ಅಕ್ಷರದಲ್ಲೇ ಇರುತ್ತಿತ್ತು. ಓದುವಾಗ ಸಾಲಿನ ತಲೆ ಕಣ್ಣಿಗೆ ಬೀಳುತ್ತೆ. ಕಿವಿಗೆ ಸಾಲು ಕಾಣೋಲ್ಲ, ಬಾರ್ ಮಾತ್ರ ಕೇಳುತ್ತೆ. ಒಂದು ತಲೆಯಿಂದ ಇನ್ನೊಂದು ತಲೆಗೆ ಹದಿನಾರು ಮನೆ, ಅಂದರೆ ಎರಡೂಮುಕ್ಕಾಲು ಸೆಕೆಂಡಿಗೆ ಸ್ವಲ್ಪ ಕಡಿಮೆ. ನಡುವೆ ಹದಿಮೂರು ಅಕ್ಷರ ಒಂದೇ ಸಮನೆ ಸುರಿದು ಹೋದ ಮೇಲೆ 'ಖಾಲಿ' ಬಂದರೆ, 'ಕಾಳಿ' ನೆನಪಲ್ಲಿ ಮಾಸಿರುತ್ತೆ.

ಇನ್ನೊಂದು ತೊಂದರೆ ಇದೆ. ಇದು ಕನ್ನಡದ್ದೇ. ಇಂಗ್ಲಿಷ್ ರ‍್ಯಾಪ್ ಬರೆಯುವವರು ಒತ್ತು ಬೀಳುವ ಅಕ್ಷರವನ್ನು ದಪ್ಪ ಮಾಡಿ ಬರೀತಾರೆ. ಆ ಭಾಷೆಯ ಪದಗಳಿಗೆ ಒತ್ತು ಹುಟ್ಟಿನಿಂದಲೇ ಬಂದಿರುತ್ತೆ. ಪ್ರಾಸವೂ ಆ ಒತ್ತಿನ ಸ್ವರದಿಂದ ಶುರುವಾಗುತ್ತೆ. ಕನ್ನಡದಲ್ಲಿ ಅಂಥ ಗಟ್ಟಿ ಒತ್ತಿಲ್ಲ. ನಮ್ಮಲ್ಲಿರೋದು ಗುರು, ಲಘು. ಅದಕ್ಕೆ ನಾನು ಅವರ ದಪ್ಪಕ್ಷರದ ಜಾಗದಲ್ಲಿ ಗುರುವನ್ನು ಹಾಕ್ತೇನೆ, ಅದರಲ್ಲೂ ಪದದ ಮೊದಲಲ್ಲಿ ಬರುವ ಗುರುವನ್ನು. ಇದು ನನ್ನ ಅಭ್ಯಾಸ, ಶಾಸ್ತ್ರ ಅಂತ ತಗೋಬೇಡಿ. ನೀವು ಗುಳಿಗೊಂದು ಹರಳು ಹಾಕಿದ್ದರಿಂದ ಕಾ ಮತ್ತು ಳಿ ಎರಡಕ್ಕೂ ಒಂದೊಂದೇ ಮನೆ ಸಿಕ್ಕಿತು. ಗುರು ಕುಗ್ಗಿ ಲಘು ಆಯಿತು. 'ಕಾಳಿ' ಹೋಗಿ 'ಕಳಿ' ಆಗಿದೆ, ಕಳಿತ ಬಾಳೆಹಣ್ಣಿನ ಹಾಗೆ. ಗುರುವಿಗೆ ಎಲ್ಲಾ ಕಡೆ ಎರಡು ಮನೆ ಕೊಡಬೇಕಂತಿಲ್ಲ, ಕೊಟ್ಟರೆ ಜಾಗ ಸಾಲೋದೂ ಇಲ್ಲ. ಪ್ರಾಸದ ಗುರುವಿಗಾದರೂ ಕೊಡಿ.

ರಿಪೇರಿ ಮಾಡೋಣ. ಆದಷ್ಟೂ ನಿಮ್ಮ ಪದಗಳನ್ನೇ ಇಟ್ಟುಕೊಂಡು, ಕ್ರಿಯಾಪದವನ್ನು ಕೊನೆಯಿಂದ ಎಬ್ಬಿಸಿದ್ದೇನೆ. ಅಡ್ಡಗೆರೆ ಇದ್ದಲ್ಲಿ ಹಿಂದಿನ ಅಕ್ಷರ ಎಳೆಯಬೇಕು.

ಕಾ – ಳಿ · | ಸೇ ತು ವೆ · | ಮೇ ಲೆ ಬೀ ಸೋ | ಗಾ – ಳಿ ·
ಹಾ ಡು ಹೊತ್ ತು | ಬಂ – ದೆ · | ನನ್ ನ ಜೇ ಬು | ಖಾ – ಲಿ ·

'ಬೀಸೋ ಗಾಳಿ' ಅಂತ ತಿರುಗಿಸಿದ ಕೂಡಲೇ ನಾಮಪದ ಕೊನೆಗೆ ಬಂತು. ಗಾ, ಖಾ ಎರಡೂ 13ರಲ್ಲಿ, ಸ್ನೇರಿನ ಜೊತೆಗೇ. 'ಕಾ' 1ರಲ್ಲಿ ಕಿಕ್ಕಿನ ಮೇಲೆ. ಬೀಟಿನ ಮೇಲೆ ಬಾಲಕ್ಷರ ಒಂದೂ ಇಲ್ಲ. ಮೊದಲ ಸಾಲಿನಲ್ಲಿ ಈಗ ಹನ್ನೊಂದೇ ಅಕ್ಷರ. ಬಾಯಿಗೆ ಬಿಡುವು ಸಿಕ್ಕಿದೆ.

ಹೇಳಿ ನೋಡಿ. ಸರಿ ಇದೆ, ಆದರೆ ಶಿಶುಗೀತೆ ಥರ ಇದೆ ಅಲ್ವಾ? ಬಾರ್ ಶುರುವಾದಾಗ ವಾಕ್ಯ ಶುರು, ಬಾರ್ ಮುಗಿದಾಗ ವಾಕ್ಯ ಮುಕ್ತಾಯ, ಪ್ರಾಸ ಪ್ರತಿ ಸಲ 13ಕ್ಕೇ. ಎರಡು ಸಾಲಿಗೆ ಇದು ಚೆಂದ. ಎಂಟು ಸಾಲು ಹೀಗೇ ಹೋದರೆ ಕೇಳುವವನು ನಿಮಗಿಂತ ಮೊದಲೇ ಪ್ರಾಸ ಹೇಳಿಬಿಡ್ತಾನೆ. ಆಡಮ್ಸ್ ಅವರ ಮೂರನೇ ಪ್ರಶ್ನೆ ಕೆಲಸಕ್ಕೆ ಬರೋದು ಇಲ್ಲೇ. ವಾಕ್ಯವನ್ನು ಬಾರಿನ ಗೋಡೆ ದಾಟಿಸಿ.

ಕಾ – ಳಿ · | ಸೇ ತು ವೆ · | ಮೇ ಲೆ ಬೀ ಸೋ | ಗಾ ಳಿ ನನ್ ನ
ಜೇ – ಬು · | ಖಾ – ಲಿ · | ಹಾ ಡು ಹೊತ್ ತು | ಬಂ – ದೆ ·

ಪದ ಅವೇ. 'ನನ್ನ' ಮಾತ್ರ ಹಿಂದಿನ ಬಾರಿನ ಬಾಲಕ್ಕೆ ಹೋಯಿತು. ಕೀರ್ತನೆಗಳಲ್ಲಿ ತಾಳ ಹಾಕಿ ಅರ್ಧ ಎಣಿಕೆ ಬಿಟ್ಟು ಹಾಡು ಎತ್ತುತ್ತಾರಲ್ಲ, ಇಲ್ಲಿ ಅದರ ಉಲ್ಟಾ. ಬಾರ್ ಬರುವ ಮೊದಲೇ ಮಾತು ಎತ್ತಿದ್ದು. ಈಗ 'ಗಾಳಿ' 13ರಲ್ಲಿ ಬಿದ್ದರೆ 'ಖಾಲಿ' ಮುಂದಿನ ಬಾರಿನ 5ಕ್ಕೇ ಬರುತ್ತೆ. ಅಲ್ಲೂ ಸ್ನೇರೇ ಇದೆ. ನಡುವಿನ ದೂರ ಹದಿನಾರು ಮನೆಯಿಂದ ಎಂಟಕ್ಕೆ ಇಳಿಯಿತು, ಅಂದರೆ 1.33 ಸೆಕೆಂಡು. ಗಾಳಿ ಇನ್ನೂ ಕಿವಿಯಲ್ಲಿರುವಾಗಲೇ ಖಾಲಿ ಬಂತು, ಅದೂ ಕಾಯದೇ ಇದ್ದ ಜಾಗದಲ್ಲಿ. 'ಗಾ'ಕ್ಕೆ ಒಂದು ಮನೆ ಕಡಿಮೆ ಆಗಿದೆ, ಹೌದು. ಅದರ ಬದಲಿಗೆ ಓಟ ಸಿಕ್ಕಿದೆ. 9ನೇ ಮನೆಯಿಂದ 'ಜೇಬು' ಮುಗಿಯುವವರೆಗೆ ಹನ್ನೊಂದು ಮನೆ ಉಸಿರು ತಗೊಳ್ಳೋಹಾಗಿಲ್ಲ. ಎರಡು ಸೆಕೆಂಡು ಕೂಡ ಇಲ್ಲ, ಅದಕ್ಕೆ ಮುಂಚಿನ ಚುಕ್ಕಿಯಲ್ಲಿ ತಗೊಂಡರೆ ಸಾಕು.

ಇದೆಲ್ಲ ಬರೆಯುವಾಗಿನ ಮಾತು. ಹೇಳಿದ್ದನ್ನು ಕೇಳಿ ಬರೆದುಕೊಳ್ಳೋದು ಬೇರೆ ಕೆಲಸ. ನಿಮ್ಮ ರೆಕಾರ್ಡಿಂಗಿನಲ್ಲಿ ನನಗೆ ಇನ್ನೊಂದು ರೋಗ ಸಿಕ್ಕಿದ್ದು ಅಲ್ಲೇ.

ನಾನು ಮಾಡೋದು ಹೀಗೆ. ಆಡಾಸಿಟಿ ಎಂಬ ಕಂಪ್ಯೂಟರ್ ತಂತ್ರಾಂಶದಲ್ಲಿ ಧ್ವನಿ ತೆರೆದು, ಅದರ `Change Tempo` ಬಳಸಿ ಅರ್ಧ ವೇಗಕ್ಕೆ ಇಳಿಸ್ತೇನೆ. ಶ್ರುತಿ ಬದಲಾಗೋಲ್ಲ, ಓಟ ಮಾತ್ರ ನಿಧಾನ ಆಗುತ್ತೆ. ಮೊದಲು ಸ್ನೇರುಗಳಿಗೆ ಗುರುತು ಹಾಕ್ತೇನೆ. ಆಮೇಲೆ ಪ್ಲೇ ಆಗ್ತಿರುವಾಗಲೇ `Ctrl+M` ಒತ್ತುತ್ತಾ ಅಕ್ಷರಗಳಿಗೆ ಗುರುತು. ಒಂದೊಂದು ಗುರುತನ್ನೂ ದೊಡ್ಡದು ಮಾಡಿ ನೋಡಿ ಸರಿಯಾದ ಜಾಗಕ್ಕೆ ಎಳೀತೇನೆ. ಎರಡು ಬಾರಿಗೆ ಹದಿನೈದು ನಿಮಿಷ ಹಿಡಿಯುತ್ತೆ. ಅರ್ಧ ವೇಗದಲ್ಲಿ ಅಳೆದ ಸಮಯವನ್ನು ಎರಡರಿಂದ ಭಾಗಿಸಲು ಮರೀಬೇಡಿ.

'ಸರಿಯಾದ ಜಾಗ' ಯಾವುದು? ಮೊದಮೊದಲು ನಾನು ಇಲ್ಲೇ ಎಡವಿದ್ದೆ. 'ಸೇ' ಅನ್ನೋ ಅಕ್ಷರ ಸ್ ಅನ್ನೋ ಸದ್ದಿನಿಂದ ಶುರುವಾಗುತ್ತಲ್ಲ, ಆ ಸದ್ದಿನ ತಲೆಗೇ ಗುರುತು ಹಾಕ್ತಿದ್ದೆ. ಆ ಲೆಕ್ಕದಲ್ಲಿ 'ಸ', 'ಶ' ಇರುವ ಅಕ್ಷರಗಳೆಲ್ಲ ಬೀಟಿಗಿಂತ ಮುಂಚೆಯೇ ಬಂದ ಹಾಗೆ ಕಾಣ್ತಿದ್ದವು. ಹೇಳುವವನು ಆತುರದವನು ಅಂದುಕೊಂಡಿದ್ದೆ. ತಪ್ಪು ನನ್ನದು. ಆ ಸೀಟಿಯಂಥ ಸದ್ದು ಸುಮಾರು 100 ಮಿಲಿಸೆಕೆಂಡು ಇರಬಹುದು, ಅಂದರೆ ಅರ್ಧ ಮನೆಗಿಂತ ಜಾಸ್ತಿ. ಕಿವಿ ಅಕ್ಷರ ಬಿತ್ತು ಅಂತ ಲೆಕ್ಕ ಹಾಕೋದು ಸ್ವರ ಶುರುವಾಗುವ ಹತ್ತಿರ, 'ಸೇ'ಯಲ್ಲಿ 'ಏ' ಬರುವಲ್ಲಿ. ಗುರುತು ಅಲ್ಲಿಗೇ ಹಾಕಿ.

ನಿಮ್ಮ ಗುರುತುಗಳನ್ನು ಹಾಕಿ ನೋಡಿದರೆ, 'ಕಾ' ಕಿಕ್ಕಿಗಿಂತ 210 ಮಿಲಿಸೆಕೆಂಡು ತಡ. 'ಸೇ' ಸ್ನೇರಿಗಿಂತ 200 ತಡ. ಎರಡನೇ ಸಾಲಿನ 'ಹಾ' ಕೂಡ 205. ಒಂದು ಮನೆ 167 ಅಂದೆನಲ್ಲ. ಅಂದರೆ ನೀವು ಎಲ್ಲವನ್ನೂ ಒಂದು ಮನೆಗಿಂತ ಸ್ವಲ್ಪ ಜಾಸ್ತಿಯೇ ತಡವಾಗಿ ಹೇಳಿದ್ದೀರಿ. ಆದರೆ ಎಲ್ಲವೂ ಒಂದೇ ಅಳತೆಗೆ ತಡ. ಮನುಷ್ಯ ಹಿಂದೆ ಬಿದ್ದರೆ ಹೀಗೆ ಬೀಳೋಲ್ಲ. ಉದ್ದ ಸಾಲಿನಲ್ಲಿ ಹಿಂದೆ ಹೋಗ್ತಾನೆ, ಉಸಿರು ತಗೊಂಡ ಮೇಲೆ ಮತ್ತೆ ಬೀಟ್ ಹಿಡೀತಾನೆ. ಅಳತೆ ಏರುಪೇರಾಗುತ್ತೆ. ಇಷ್ಟು ಸಮನಾಗಿ ತಡ ಮಾಡೋದು ಯಂತ್ರ. ನೀವು ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡು ರೆಕಾರ್ಡ್ ಮಾಡಿದ್ದೀರಿ ಅಂತ ನನ್ನ ಊಹೆ. ಬೀಟು ನಿಮ್ಮ ಕಿವಿಗೆ ಬರೋದೇ ತಡ, ಅದಕ್ಕೆ ಸರಿಯಾಗಿ ನೀವು ಹೇಳ್ತೀರಿ, ಫೋನು ಅದನ್ನು ತಡವಾದ ಜಾಗದಲ್ಲೇ ಬರೆದಿಡುತ್ತೆ.

ಪರೀಕ್ಷೆ ಸುಲಭ. ಅದೇ ಇಯರ್‌ಫೋನ್ ಹಾಕಿಕೊಂಡು ಬೀಟಿಗೆ ಸುಮ್ನೆ ಚಪ್ಪಾಳೆ ತಟ್ಟಿ ರೆಕಾರ್ಡ್ ಮಾಡಿ. ಚಪ್ಪಾಳೆಯೂ 200ರಷ್ಟು ತಡವಾಗಿ ಬಿದ್ದಿದ್ದರೆ ತಪ್ಪು ನಿಮ್ಮದಲ್ಲ. ಇಡೀ ಧ್ವನಿಯನ್ನು ಅಷ್ಟು ಎಡಕ್ಕೆ ಎಳೆದರೆ ಮುಗೀತು. ನಾನು ಎಳೆದು ನೋಡಿದೆ. ನಿಮ್ಮ ತಾಳ ಚೆನ್ನಾಗಿದೆ, ಒಂದು ಅಕ್ಷರವೂ 20 ಮಿಲಿಸೆಕೆಂಡಿಗಿಂತ ಆಚೆ ಹೋಗಿಲ್ಲ. ಹೀಗೆ ಸರಿ ಮಾಡಿದ ಮೇಲೆಯೇ ನಾನು ಮೇಲಿನ ಮೊದಲ ಮನೆಪಟ್ಟಿ ಬರೆದದ್ದು. ಇಲ್ಲದಿದ್ದರೆ 'ಕಾ' 2ನೇ ಮನೆಯಲ್ಲಿ ಕೂತಿರುತ್ತಿತ್ತು, ನಿಮ್ಮದು ಏನೋ ಹೊಸ ಶೈಲಿ ಅಂತ ನಾನು ಪುಟಗಟ್ಟಲೆ ಬರೀತಿದ್ದೆ.

ಸ್ವಲ್ಪ ತಡ ಆದದ್ದೆಲ್ಲ ರೋಗ ಅಂತಲೂ ಅಲ್ಲ. ಬೇಕಂತಲೇ 30, 40 ಮಿಲಿಸೆಕೆಂಡು ಹಿಂದೆ ಕೂತು ಹೇಳುವವರಿದ್ದಾರೆ. ಆರಾಮಾಗಿ ಒರಗಿ ಕೂತವರ ಮಾತಿನ ಹಾಗೆ ಅದು ಕೇಳುತ್ತೆ. ಹದಿನಾರು ಮನೆಯ ದೊಡ್ಡ ದೋಷ ಅಂದರೆ ಇದನ್ನು ನುಂಗಿಹಾಕೋದು. ಹತ್ತಿರದ ಮನೆಗೆ ತಳ್ಳಿ ಬರೆದ ಕೂಡಲೇ ಆ ಒರಗು ಮಾಯ. ಮಿಚೆಲ್ ಓರೈನರ್ ಎಂಬ ವಿದ್ವಾಂಸರು ಫ್ಲೋ ಬಗ್ಗೆಯೇ ಬರೆದ 2019ರ ತಮ್ಮ ಪುಸ್ತಕದಲ್ಲಿ ಮನೆ ಮತ್ತು ನಿಜವಾದ ಅಳತೆ ಎರಡನ್ನೂ ಇಟ್ಟುಕೊಂಡೇ ಮಾತಾಡ್ತಾರೆ. ನೀವೂ ಅಕ್ಷರದ ಕೆಳಗೆ ಸಣ್ಣದಾಗಿ +30 ಅಂತ ಬರೆದಿಟ್ಟುಕೊಳ್ಳಿ. ಗುರುತುಗಳು ಪದೇಪದೇ ಎರಡು ಮನೆ ನಡುವೆಯೇ ಬೀಳ್ತಿದ್ದರೆ ಮಾತ್ರ ಅನುಮಾನ ಪಡಿ. ಹೇಳುವವನು ಬೀಟಿಗೆ ನಾಲ್ಕರ ಬದಲು ಮೂರು ಅಕ್ಷರ ಹಾಕ್ತಿರಬಹುದು, ನಮ್ಮ ತಿಶ್ರ ನಡೆಯ ಹಾಗೆ. 90ರಲ್ಲಿ ಆಗ ಅಕ್ಷರಗಳ ನಡುವೆ 222 ಬರುತ್ತೆ. ಅಂಥ ಬಾರಿಗೆ ಹನ್ನೆರಡು ಮನೆಯ ಬೇರೆ ಪಟ್ಟಿಯೇ ಬೇಕು.

ನೂರಾರು ಹಾಡು ಹೋಲಿಸಬೇಕಾದವರು ಹಾಳೆಯಲ್ಲಿ ಬರೆಯೋಲ್ಲ. ನಥಾನಿಯಲ್ ಕಾಂಡಿಟ್-ಶುಲ್ಟ್ಸ್ ಎಂಬ ಸಂಶೋಧಕರು 2016ರಲ್ಲಿ 124 ರ‍್ಯಾಪ್ ಹಾಡುಗಳನ್ನು ಕಂಪ್ಯೂಟರ್ ಓದುವ ಹಾಗೆ ಬರೆದು ಪ್ರಕಟಿಸಿದರು. ಒಂದು ಅಕ್ಷರಕ್ಕೆ ಒಂದು ಸಾಲು. ಅದರ ಪಕ್ಕದ ಕಾಲಂಗಳಲ್ಲಿ ಎಷ್ಟು ಹೊತ್ತು ಇತ್ತು, ಒತ್ತು ಇದೆಯೇ, ಯಾವ ಪ್ರಾಸದ ಗುಂಪು, ಪದ ಯಾವುದು, ಹೀಗೆ. ನಿಮಗೆ ಸದ್ಯಕ್ಕೆ ಅದು ಬೇಡ. ಎಂಟು ಬಾರ್ ಪೆನ್ಸಿಲ್ಲಿನಲ್ಲಿ ಬರೆದರೆ ಯಾವ ಮನೆಗೆ ನಿಮ್ಮ ಪ್ರಾಸ ಅಂಟಿಕೊಂಡಿದೆ ಅಂತ ಕೆಂಪು ಬಣ್ಣವೇ ಹೇಳುತ್ತೆ.

ಮೂರನೇ ಪಟ್ಟಿಯಲ್ಲಿ 'ಬಂದೆ'ಯನ್ನು ನಾನು ಪ್ರಾಸ ಇಲ್ಲದೆ 13ರಲ್ಲಿ ಬಿಟ್ಟಿದ್ದೇನೆ, ಗಮನಿಸಿದಿರಾ? ಹಿಂದೆ, ಮುಂದೆ, ತಂದೆ, ಏನು ಬೇಕಾದರೂ ಬರಬಹುದು. ಮೂರನೇ ಬಾರ್ ನೀವು ಬರೀರಿ, ಆದರೆ ಅದರ ಪ್ರಾಸ 13ಕ್ಕೆ ಬೇಡ. 5ಕ್ಕೋ 9ಕ್ಕೋ ಇಟ್ಟು ನೋಡಿ. ರೆಕಾರ್ಡ್ ಮಾಡುವಾಗ ವೈರ್ ಇರುವ ಇಯರ್‌ಫೋನ್ ಹಾಕಿ, ಶುರುವಿನಲ್ಲಿ ನಾಲ್ಕು ಚಪ್ಪಾಳೆ ತಟ್ಟಿ ಕಳಿಸಿ.